ಪ್ರೊಟೀನ್ ಶೇಕ್ ಕುಡಿದರೆ ನಿಮ್ಮ ಹೊಟ್ಟೆ ಯಾಕೆ ಉಬ್ಬುತ್ತಿತ್ತು

ಸರ್, "ಪ್ರೊಟೀನ್ ನನಗೆ ಆಗಿಬರಲ್ಲ, ಡಬ್ಬಿ ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಅಂದಿದ್ರಿ. ಸ್ವಲ್ಪ ತಡೆಯಿರಿ ಎಂದು ನಾನು ಯಾಕೆ ಹೇಳಿದೆ, ಆಮೇಲೆ ಒಂದೊಂದೇ ಬದಲಾವಣೆ ಯಾಕೆ ಮಾಡಿಸಿದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಯಾರಾದರೂ ಗ್ಯಾಸ್ ಅಂದರೆ ನಾನು ಮೊದಲು ಕೇಳುವುದು ಯಾವ ಬ್ರ್ಯಾಂಡ್ ಅಂತಲ್ಲ, ಕುಡಿದು ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅಂತ. ಕುಡಿದ ತಕ್ಷಣ ತೇಗು ಬಂದು ಮೇಲ್ಹೊಟ್ಟೆ ಬಿಗಿದರೆ ಅದು ಹೆಚ್ಚಾಗಿ ನುಂಗಿದ ಗಾಳಿ. ಒಂದೆರಡು ಗಂಟೆ ಬಿಟ್ಟು ಕೆಳಹೊಟ್ಟೆ ಗುಡುಗುಡು ಅಂದು ಗ್ಯಾಸ್ ಹೋಗತೊಡಗಿದರೆ, ಜೀರ್ಣವಾಗದೆ ಉಳಿದದ್ದು ಕರುಳಿನಲ್ಲಿ ಹುಳಿಯುತ್ತಿದೆ ಎಂದು ಅಂದಾಜು ಮಾಡಬಹುದು. ನಿಮಗೆ ಎರಡೂ ಇತ್ತು. ಆದರೆ ಆಫೀಸಿನಲ್ಲಿ ಕೂರಲಾಗದಂತೆ ಮಾಡುತ್ತಿದ್ದದ್ದು ಎರಡನೆಯದು.

ನಿಮ್ಮ ಬೆಳಗಿನ ಲೋಟದಲ್ಲಿ 400 ಮಿಲಿ ಹಾಲು, ಹಾಲಿನಿಂದಲೇ ತೆಗೆದ ಪ್ರೊಟೀನ್ ಪುಡಿಯಾದ ವೇ ಕಾನ್ಸನ್‌ಟ್ರೇಟ್ ಎರಡು ಸ್ಕೂಪ್, ಒಂದು ಬಾಳೆಹಣ್ಣು ಇರುತ್ತಿತ್ತು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ, 100 ಮಿಲಿಗೆ ಸುಮಾರು 5 ಗ್ರಾಂ. ಅಂದರೆ ಹಾಲಿನಿಂದಲೇ 20 ಗ್ರಾಂ ಬಂತು. ಕಾನ್ಸನ್‌ಟ್ರೇಟ್ ಪುಡಿಯಲ್ಲೂ ಸ್ವಲ್ಪ ಉಳಿದಿರುತ್ತದೆ. ಆದರೆ ಎರಡು ಸ್ಕೂಪ್ ಸೇರಿಸಿದರೂ ಸಾಮಾನ್ಯವಾಗಿ ಮೂರು ನಾಲ್ಕು ಗ್ರಾಂ ಅಷ್ಟೇ. ನೀವು ಬೈಯುತ್ತಿದ್ದದ್ದು ಪುಡಿಯನ್ನು, ಆದರೆ ಹೊರೆ ಬೀಳುತ್ತಿದ್ದದ್ದು ಹಾಲಿನಿಂದ.

ಈ ಸಕ್ಕರೆಯನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಮಗುವಿಗೆ ಅದು ಧಾರಾಳವಾಗಿರುತ್ತದೆ. ದೊಡ್ಡವರಾದ ಮೇಲೆ ನಮ್ಮಲ್ಲಿ ಬಹಳ ಜನರಿಗೆ ಕಡಿಮೆಯಾಗುತ್ತದೆ. ಆಗ ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್‌ನಂಥ ಅನಿಲ ಬಿಡುತ್ತವೆ. ಜೊತೆಗೆ ಆ ಸಕ್ಕರೆ ಕರುಳಿನೊಳಕ್ಕೆ ನೀರನ್ನೂ ಎಳೆದುಕೊಳ್ಳುತ್ತದೆ. ಉಬ್ಬರ, ಕೆಲವೊಮ್ಮೆ ಭೇದಿ, ಎರಡಕ್ಕೂ ಇದೇ ಕಾರಣ.

"ದಿನಾ ಮೊಸರನ್ನ ತಿಂತೀನಿ, ಕಾಫಿ ಕುಡೀತೀನಿ, ಏನೂ ಆಗಲ್ವಲ್ಲ?" ಎಂದು ಕೇಳಿದ್ರಿ. ಒಳ್ಳೆಯ ಪ್ರಶ್ನೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಒಂದಷ್ಟು ಮೊದಲೇ ಮುಗಿಸಿರುತ್ತವೆ. ಉಳಿದದ್ದನ್ನು ಹೊಟ್ಟೆಯೊಳಗೂ ಒಡೆಯಲು ನೆರವಾಗುತ್ತವೆ. ಕಾಫಿಗೆ ಬೀಳುವ ಹಾಲು ತುಂಬಾ ಕಡಿಮೆ. ಲ್ಯಾಕ್ಟೇಸ್ ಕಡಿಮೆ ಇರುವವರಲ್ಲೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗೆ ಲ್ಯಾಕ್ಟೋಸ್ ತಡೆದುಕೊಳ್ಳುತ್ತಾರೆ. ನಿಮ್ಮ ಶೇಕ್ ಅದರ ಎರಡರಷ್ಟನ್ನು ಖಾಲಿ ಹೊಟ್ಟೆಗೆ ಒಂದೇ ಏಟಿಗೆ ಇಳಿಸುತ್ತಿತ್ತು.

ಅದಕ್ಕೇ ಮೊದಲು ಹಾಲು ಮಾತ್ರ ತೆಗೆಸಿದೆ. ಅದೇ ಪುಡಿ, ಅದೇ ಎರಡು ಸ್ಕೂಪ್, ಅದೇ ಬಾಳೆಹಣ್ಣು, ಹಾಲಿನ ಬದಲು ನೀರು. ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದೇ ಇಲ್ಲ. ಆ ವಾರದಲ್ಲೇ ಕೆಳಹೊಟ್ಟೆಯ ತೊಂದರೆ ಬಹುತೇಕ ನಿಂತಿತು. ಆಮೇಲೆ ರಜೆ ದಿನ ಪುಡಿ ಹಾಕದೆ ಬರೀ 400 ಮಿಲಿ ಹಾಲು ಕುಡಿಯಲು ಹೇಳಿದೆ, ನೆನಪಿದೆಯಲ್ವಾ? ಮಧ್ಯಾಹ್ನದೊಳಗೆ ಹೊಟ್ಟೆ ಮತ್ತೆ ಉಬ್ಬಿತು. ಅಲ್ಲಿಗೆ ಪುಡಿಯ ಮೇಲಿನ ಅನುಮಾನ ನನಗೆ ಹೋಯಿತು.

ತೇಗು ಮಾತ್ರ ಉಳಿದಿತ್ತು. ಶೇಕರ್ ಜೋರಾಗಿ ಕುಲುಕಿ, ನೊರೆ ಸಮೇತ ಗಟಗಟ ಕುಡಿದು ಬೈಕ್ ಹತ್ತುತ್ತಿದ್ರಿ. ಆ ನೊರೆ ತುಂಬಾ ಗಾಳಿ. ಈಗ ಕುಲುಕಿ ಹತ್ತು ನಿಮಿಷ ಬಿಟ್ಟು, ನೊರೆ ಇಳಿದ ಮೇಲೆ ನಿಧಾನವಾಗಿ ಕುಡಿಯುತ್ತಿದ್ದೀರಿ. ಸ್ಕೂಪ್‌ಗಳನ್ನೂ ಬೆಳಗ್ಗೆ ಒಂದು, ಸಂಜೆ ಒಂದು ಎಂದು ಹಂಚಿಕೊಂಡಿರಿ, ಅದೇ ಸರಿ. ಹಾಲು ಬಿಟ್ಟಿದ್ದರಿಂದ ದಿನಕ್ಕೆ ಸುಮಾರು 13 ಗ್ರಾಂ ಪ್ರೊಟೀನ್ ಕಡಿಮೆಯಾಯಿತು. ಎರಡು ಮೊಟ್ಟೆ ಅದನ್ನು ಹೆಚ್ಚುಕಡಿಮೆ ತುಂಬುತ್ತದೆ.

ಎಲ್ಲರ ಹೊಟ್ಟೆಯೂ ನೀರಿಗೆ ಬದಲಾಯಿಸಿದ ಕೂಡಲೇ ಸರಿಹೋಗುವುದಿಲ್ಲ. ಮುಂದೆ ಬೇರೆ ಡಬ್ಬಿ ತಂದಾಗ ಮತ್ತೆ ಶುರುವಾದರೆ ಲೇಬಲ್ ಓದಿ. ಇನುಲಿನ್, ಸಾರ್ಬಿಟಾಲ್, ಮಾಲ್ಟಿಟಾಲ್ ಅಂತ ಇದ್ದರೆ ಅವೂ ಲ್ಯಾಕ್ಟೋಸ್‌ನ ಹಾಗೆ ದೊಡ್ಡ ಕರುಳಿಗೆ ಇಳಿದು ಗ್ಯಾಸ್ ಮಾಡುತ್ತವೆ. ಅವು ಇಲ್ಲದಿದ್ದರೂ, ಒಂದೇ ಸ್ಕೂಪ್ ನೀರಿನಲ್ಲಿ ಕುಡಿದರೂ ತೊಂದರೆ ಆದರೆ ವೇ ಐಸೊಲೇಟ್ ನೋಡಬಹುದು. ಅದರಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ, ಬೆಲೆ ಜಾಸ್ತಿ. ನಿಮಗೆ ಸದ್ಯಕ್ಕೆ ಅದು ಬೇಡ.

ಮೈಮೇಲೆ ದದ್ದು, ತುಟಿ ಊತ, ಉಸಿರು ಕಟ್ಟಿದ ಹಾಗಾಗುವುದು ಬೇರೆ ವಿಷಯ. ಅದು ಹಾಲಿನ ಪ್ರೊಟೀನಿನ ಅಲರ್ಜಿ ಇರಬಹುದು. ಅಂಥವರಿಗೆ ಐಸೊಲೇಟ್ ಕೂಡ ಅಪಾಯ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಶೇಕ್ ಬಿಟ್ಟ ಮೇಲೂ ಉಬ್ಬರ ನಿಲ್ಲದಿದ್ದರೆ ನನ್ನನ್ನು ಕೇಳಬೇಡಿ ಸರ್, ಡಾಕ್ಟರನ್ನು ನೋಡಿ.