ಮಾರಾಟದ ದಿನದಿಂದ ಹಿಂದಕ್ಕೆ ಎಣಿಸುವ ನನ್ನ ಕೋಳಿ ಕ್ಯಾಲೆಂಡರ್

ಹಿತ್ತಲ ಕೋಳಿ ಸಾಕುವವರು ಸಾಮಾನ್ಯವಾಗಿ ಹೇಟೆ ಕಾವಿಗೆ ಬಂದ ದಿನದಿಂದ ಲೆಕ್ಕ ಶುರುಮಾಡುತ್ತಾರೆ. ನಾನು ಮಾರುವ ದಿನವನ್ನು ಮೊದಲು ಗುರುತು ಹಾಕಿಕೊಂಡು ಹಿಂದಕ್ಕೆ ಎಣಿಸುತ್ತೇನೆ.

ಒಂದು ಬ್ಯಾಚಿನ ಲೆಕ್ಕವನ್ನೇ ಹೇಳುತ್ತೇನೆ. ನಾಟಿ ಹುಂಜಗಳು ಡಿಸೆಂಬರ್ 20ಕ್ಕೆ ಮಾರಾಟಕ್ಕೆ ಸಿದ್ಧವಿರಬೇಕಿತ್ತು. ನನ್ನ ತಳಿ ಒಳ್ಳೆಯ ತೂಕಕ್ಕೆ ಬರಲು 18 ವಾರ ಬೇಕು. ಮಳೆ, ಕಾಯಿಲೆ ಎಂದು ಎರಡು ವಾರ ಹೆಚ್ಚಿಗೆ ಇಟ್ಟುಕೊಂಡೆ. ಹಾಗಾಗಿ ಮರಿಗಳು ಆಗಸ್ಟ್ 2ಕ್ಕೆ ಹೊರಬರಬೇಕು, ಮೊಟ್ಟೆ ಕಾವಿಗೆ ಇಡುವುದು ಅದಕ್ಕೆ 21 ದಿನ ಮೊದಲು, ಜುಲೈ 12ಕ್ಕೆ. ಇಲ್ಲೊಂದು ಅನುಕೂಲವಿದೆ: ಕಾವಿನ ಅವಧಿ ಸರಿಯಾಗಿ ಮೂರು ವಾರ, ಲಸಿಕೆಗಳನ್ನೂ ನಾನು ಏಳರ ಲೆಕ್ಕದಲ್ಲೇ ಹಾಕುತ್ತೇನೆ. ಆದ್ದರಿಂದ ಭಾನುವಾರ ಮೊಟ್ಟೆ ಇಟ್ಟರೆ ಮುಂದಿನ ಕೆಲಸವೆಲ್ಲ ಭಾನುವಾರವೇ ಬೀಳುತ್ತದೆ. ಬೇರೆ ಉದ್ಯೋಗವಿರುವವರಿಗೆ ಇದು ದೊಡ್ಡ ನೆಮ್ಮದಿ.

ಕಷ್ಟವಿರುವುದು ಎಲ್ಲ ಮರಿಗಳೂ ಒಂದೇ ದಿನ ಹೊರಬರುವಂತೆ ಮಾಡುವುದರಲ್ಲಿ. ಅದಕ್ಕಾಗಿ ಏಕಿಷ್ಟು ಪಟ್ಟು ಎಂದರೆ, ಲಸಿಕೆಯ ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು ಮದ್ದು ಇರುತ್ತದೆ ಮತ್ತು ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ವಾರಕ್ಕೊಂದು ಹೇಟೆ ಮರಿ ಮಾಡಿದರೆ ವಾರಕ್ಕೊಂದು ಸೀಸೆ ಒಡೆಯಬೇಕಾಗುತ್ತದೆ. ಹಾಗೆ ಮಾಡಲು ಮನಸ್ಸಾಗದೆ ಬಹಳ ಮಂದಿ ಲಸಿಕೆಯನ್ನೇ ಬಿಟ್ಟುಬಿಡುತ್ತಾರೆ.

ನಾಲ್ಕು ಹೇಟೆಗಳು ಒಟ್ಟಿಗೆ ಕಾವಿಗೆ ಬರುವುದು ಅಪರೂಪ. ಮೊದಲು ಬಂದವಕ್ಕೆ ಮರದ ಮೊಟ್ಟೆ ಕೊಟ್ಟು ಕೂರಿಸಿರುತ್ತೇನೆ. ಆದರೆ ಒಂದು ವಾರಕ್ಕಿಂತ ಹೆಚ್ಚು ಕಾಯಿಸುವುದಿಲ್ಲ, ಏಕೆಂದರೆ ಕಾವಿನಲ್ಲಿ ಹೇಟೆ ಸರಿಯಾಗಿ ತಿನ್ನದೆ ಸೊರಗುತ್ತದೆ. ಆ ವಾರದಲ್ಲೇ ನಿಜವಾದ ಮೊಟ್ಟೆಗಳನ್ನು ತೊಳೆಯದೆ, ಚೂಪು ತುದಿ ಕೆಳಗಾಗಿ, ತಂಪಾದ ಮೂಲೆಯಲ್ಲಿ ಕೂಡಿಡುತ್ತೇನೆ. ಏಳು ದಿನ ದಾಟಿದ ಮೊಟ್ಟೆ ಕಾವಿಗೆ ಬೇಡ. ಮರಿಯಾಗುವ ಸಾಧ್ಯತೆ ಇಳಿಯುತ್ತದೆ, ಮರಿಯಾದರೂ ತಡವಾಗಿ ಆಗುತ್ತದೆ. ಗೊತ್ತುಮಾಡಿದ ದಿನ ಕತ್ತಲಾದ ಮೇಲೆ ಮರದ ಮೊಟ್ಟೆ ತೆಗೆದು ಪ್ರತಿ ಹೇಟೆಯ ಕೆಳಗೆ ಹನ್ನೆರಡರಂತೆ ಇಟ್ಟೆ.

ಏಳನೆಯ ರಾತ್ರಿ ಟಾರ್ಚ್ ಬೆಳಕಿಗೆ ಹಿಡಿದಾಗ ಒಳಗೆ ಜೇಡ ಕಾಲು ಚಾಚಿದಂತೆ ಕೆಂಪು ನರಗಳು ಕಂಡರೆ ಜೀವವಿದೆ. ತಿಳಿಯಾಗಿ ಹೊಳೆದವನ್ನು ತೆಗೆದುಬಿಟ್ಟೆ. ಕೊನೆಗೆ 37 ಮರಿಗಳಾದವು.

ಲಸಿಕೆಯ ದಿನಗಳನ್ನು ಎಣಿಸುವುದು ಮರಿ ಹೊರಬಂದ ದಿನದಿಂದ. ಆಗಸ್ಟ್ 9ಕ್ಕೆ ಕೊಕ್ಕರೆ ರೋಗದ ಮೊದಲ ಲಸಿಕೆ, 16ಕ್ಕೆ ಗುಂಬೊರೊ ರೋಗದ ಲಸಿಕೆ, 30ಕ್ಕೆ ಕೊಕ್ಕರೆ ರೋಗಕ್ಕೇ ಮತ್ತೆ ಲಸೋಟ ಎಂಬ ಲಸಿಕೆ, ಸೆಪ್ಟೆಂಬರ್ 13ಕ್ಕೆ ಸಿಡುಬು, 27ಕ್ಕೆ ಕೊಕ್ಕರೆ ರೋಗಕ್ಕೆ ಆರ್‌ಟುಬಿ ಚುಚ್ಚುಮದ್ದು. ಆರ್‌ಟುಬಿಗೆ ಒಂದು ವಾರ ಮೊದಲು ಜಂತುಹುಳದ ಔಷಧಿ. ಮೊದಲನೆಯದನ್ನು ಹುಟ್ಟಿದ ದಿನವೇ ಏಕೆ ಹಾಕಬಾರದು ಎಂದು ಕೇಳುವವರಿದ್ದಾರೆ. ಲಸಿಕೆ ಪಡೆದ ತಾಯಿಯಿಂದ ಮೊಟ್ಟೆಯ ಮೂಲಕ ಬಂದ ರಕ್ಷಣೆ ಆಗ ಇನ್ನೂ ಗಟ್ಟಿಯಾಗಿರುತ್ತದೆ, ಅದು ಲಸಿಕೆಯನ್ನೂ ಹೊಡೆದುಹಾಕುತ್ತದೆ.

ಮರಿಗಳನ್ನು ಹಗಲಿನಲ್ಲಿ ಅಟ್ಟಿಸಿಕೊಂಡು ಹೋಗುವುದು ವ್ಯರ್ಥ. ಹಿಂದಿನ ರಾತ್ರಿಯೇ ಬುಟ್ಟಿ ಮುಚ್ಚಿಟ್ಟು, ಬಿಸಿಲೇರುವ ಮೊದಲು ಮಂಜುಗಡ್ಡೆಯ ಫ್ಲಾಸ್ಕಿನಿಂದ ಸೀಸೆ ತೆಗೆದು ಕಲಸುತ್ತೇನೆ. ಕಣ್ಣಿಗೆ ಒಂದು ಹನಿ ಬಿಟ್ಟು, ಮರಿ ರೆಪ್ಪೆ ಬಡಿದು ಹನಿ ಒಳಗಿಳಿಯುವವರೆಗೆ ಕೈಬಿಡುವುದಿಲ್ಲ. ಉಳಿಯುವ ಮದ್ದು ಹಾಳಾಗದಿರಲಿ ಎಂದು ಅಕ್ಕಪಕ್ಕದವರೂ ಅದೇ ವಾರ ಮರಿ ಮಾಡಿಸುವಂತೆ ಮೊದಲೇ ಮಾತಾಡಿಕೊಂಡಿರುತ್ತೇವೆ. ತೂಕಡಿಸುವ, ಬಿಳಿ ಭೇದಿಯಾಗುವ ಮರಿಗಳಿಗೆ ಆ ದಿನ ಲಸಿಕೆ ಇಲ್ಲ. ಚೇತರಿಸಿಕೊಂಡ ಮೇಲೆ ನೋಡಿದರಾಯಿತು.

ಲಸಿಕೆ ಹಿಡಿದಿದೆಯೇ ಎಂದು ಕಣ್ಣಿಗೆ ಕಾಣುವುದು ಸಿಡುಬಿನಲ್ಲಿ ಮಾತ್ರ. ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚಿದ ಏಳರಿಂದ ಹತ್ತು ದಿನದೊಳಗೆ ಅಲ್ಲಿ ಸಣ್ಣ ಗಂಟೋ ಹಕ್ಕಳೆಯೋ ಏಳಬೇಕು. ಹತ್ತಾರು ಕೋಳಿಗಳ ರೆಕ್ಕೆ ಎತ್ತಿ ನೋಡಿ, ಹೆಚ್ಚಿನವುಗಳಲ್ಲಿ ಏನೂ ಕಾಣದಿದ್ದರೆ ಮದ್ದು ದಾರಿಯಲ್ಲೇ ಬಿಸಿಗೆ ಕೆಟ್ಟಿತ್ತೆಂದು ಅನುಮಾನಪಟ್ಟು ಮತ್ತೊಮ್ಮೆ ಹಾಕಿಸುತ್ತೇನೆ.

ಮಾರುವ ಹೊತ್ತನ್ನು ಕೊನೆಯಲ್ಲಿ ಹೇಳುವುದು ತಕ್ಕಡಿ. ಹದಿನಾರನೆಯ ವಾರದಿಂದ ಕಾಲಿಗೆ ದಾರ ಕಟ್ಟಿದ ಅದೇ ಐದು ಹುಂಜಗಳನ್ನು ವಾರವಾರ, ಬೆಳಿಗ್ಗೆ ಮೇವು ಹಾಕುವ ಮೊದಲು ತೂಗುತ್ತೇನೆ. ವಾರದ ಏರಿಕೆ ಕುಗ್ಗುತ್ತಾ ಮೇವಿನ ಖರ್ಚು ಹಾಗೆಯೇ ಉಳಿದರೆ, ಇಪ್ಪತ್ತನೆಯ ವಾರ ಬರಲಿ ಎಂದು ಕಾಯುವುದಿಲ್ಲ. ಆ ಬ್ಯಾಚಿನಲ್ಲೂ ಮುಂದಿದ್ದ ಹುಂಜಗಳನ್ನು ಎರಡು ವಾರ ಮೊದಲೇ ಕಳಿಸಿದೆ. ಉಳಿದವು ಡಿಸೆಂಬರ್ 20ಕ್ಕೆ ಹೋದವು, ಹೇಟೆಗಳು ಮೊಟ್ಟೆಗೆಂದು ಉಳಿದವು. ಮುಂದಿನ ಬ್ಯಾಚಿಗೆ ಮೊಟ್ಟೆ ಇಡುವ ದಿನ ಗುರುತು ಹಾಕಿದ್ದು ಗೂಡು ತೊಳೆದು, ಸುಣ್ಣ ಬಳಿದು, ಎರಡು ವಾರ ಖಾಲಿ ಬಿಟ್ಟ ಮೇಲೆ.