ಡೆಸ್ಕ್ ಸರಿಯಾದ ಮೇಲೆ ಗಡಿಯಾರ ಸರಿಮಾಡಬೇಕಾಯಿತು

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಬೆನ್ನುಹುರಿಗೆ ಪೆಟ್ಟಾದವರು ಮತ್ತೆ ಕೆಲಸಕ್ಕೆ ಹೊರಟಾಗ ಆಫೀಸನ್ನು ಅವರಿಗೆ ಹೊಂದಿಸಿಕೊಡುತ್ತೇನೆ. ಇದು ಅಕೌಂಟ್ಸ್ ವಿಭಾಗದ ಒಬ್ಬರ ವಿಷಯ. ಅವರಿಗೆ ಪೆಟ್ಟಾಗಿದ್ದು ಟಿ4 ಮಟ್ಟದಲ್ಲಿ, ಅಂದರೆ ಬೆನ್ನುಹುರಿಯ ಎದೆ ಭಾಗದಲ್ಲಿ ಮೇಲಿನಿಂದ ನಾಲ್ಕನೆಯ ಮಟ್ಟದಲ್ಲಿ. ಎದೆಯ ಮಧ್ಯದಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಕೈಗಳು ಮಾತ್ರ ಪೂರ್ತಿ ಚೆನ್ನಾಗಿವೆ. ರ‍್ಯಾಂಪ್ ಇದೆ, ಲಿಫ್ಟ್ ಇದೆ, ಕೈ ಆಡುತ್ತದೆ, ಇನ್ನೇನು ಬೇಕು ಅಂತ ಆಫೀಸಿನವರು ಅಂದುಕೊಂಡಿದ್ದರು.

ಅವರು ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕುಳಿತೆ. ಎಡಗೈ ಡೆಸ್ಕಿನ ಅಂಚನ್ನು ಬಿಡುತ್ತಲೇ ಇರಲಿಲ್ಲ. ಟೈಪಿಂಗ್ ಎಲ್ಲ ಬಲಗೈಯಲ್ಲೇ. ಟಿ4 ಅಂದರೆ ಹೊಟ್ಟೆ, ಸೊಂಟದ ಸ್ನಾಯುಗಳು ಮೈಯನ್ನು ಹಿಡಿದಿಡುವುದಿಲ್ಲ. ಎರಡೂ ಕೈ ಮುಂದೆ ಚಾಚಿದರೆ ಇಡೀ ಮೈ ಮುಂದಕ್ಕೆ ಬಾಗಿಬಿಡುತ್ತದೆ. ಡೆಸ್ಕಿನ ಕೆಳಗೆ ಡ್ರಾಯರ್ ಬೇರೆ ಇತ್ತು, ಮೊಣಕಾಲು ಒಳಗೆ ಹೋಗುತ್ತಿರಲಿಲ್ಲ. ದೂರ ಕುಳಿತು ಚಾಚಿ ಚಾಚಿ ಭುಜ ನೋವು ಶುರುವಾಗಿತ್ತು. ವೀಲ್‌ಚೇರ್ ತಳ್ಳುವುದು, ಹಾಸಿಗೆಗೆ ದಾಟುವುದು ಎಲ್ಲವೂ ಆ ಭುಜದಿಂದಲೇ. ಅದು ಕೆಟ್ಟರೆ ಕೆಲಸವಷ್ಟೇ ಅಲ್ಲ, ಓಡಾಟವೇ ನಿಲ್ಲುತ್ತದೆ.

ಅಳತೆಯನ್ನು ಅವರದೇ ವೀಲ್‌ಚೇರ್‌ನಲ್ಲಿ, ಅವರದೇ ಕುಶನ್ ಮೇಲೆ, ದಿನಾ ಹಾಕುವ ಶೂ ಹಾಕಿಸಿಯೇ ತೆಗೆಯಬೇಕು. ನೆಲದಿಂದ ತೊಡೆಯ ಮೇಲ್ಭಾಗಕ್ಕೆ 66 ಸೆಂ.ಮೀ. ಬಂತು, ಮೊಣಕೈಗೆ 71. ಡ್ರಾಯರ್ ತೆಗೆಸಿ, ಮೋಟರ್ ಡೆಸ್ಕ್ ಹಾಕಿಸಿ, ಮೇಲ್ಮೈಯನ್ನು 73ಕ್ಕೆ ನಿಲ್ಲಿಸಿದೆವು. ಮೊಣಕೈಗಿಂತ ಎರಡು ಸೆಂ.ಮೀ. ಎತ್ತರ ಬೇಕೆಂದೇ ಇಟ್ಟಿದ್ದು. ಮುಂಗೈ ಪೂರ್ತಿ ಡೆಸ್ಕಿನ ಮೇಲೆ ಊರಿದರೆ ಮೈಗೆ ಆಸರೆ ಸಿಗುತ್ತದೆ. ಇನ್ನೂ ಎತ್ತರಿಸಿದರೆ ಭುಜ ಕಿವಿಯ ಕಡೆಗೆ ಏರುತ್ತದೆ, ಅದು ಬೇಡ. ಕೀಬೋರ್ಡನ್ನು ಅಂಚಿನಿಂದ ಒಳಕ್ಕೆ ತಳ್ಳಿ ಮುಂಗೈಗೆ ಜಾಗ ಮಾಡಿದ ಮೇಲೆ ಎಡಗೈಯೂ ಕೀಬೋರ್ಡಿಗೆ ಬಂತು.

ಮೋಟರ್ ಡೆಸ್ಕಿನಲ್ಲಿ ಒಂದು ಅಪಾಯವಿದೆ. ಡೆಸ್ಕ್ ಕೆಳಗಿಳಿದು ತೊಡೆಯನ್ನು ಒತ್ತಿದರೂ ಅವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದಂತೆ ಲಾಕ್ ಮಾಡಿಸಿದೆ. ಕೆಳಗಿನ ಕಬ್ಬಿಣದ ಅಂಚಿಗೆ ಫೋಮ್ ಸುತ್ತಿಸಿದೆ. ಬಿಸಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಳ್ಳಲೇಬಾರದು, ಸುಟ್ಟರೂ ತಿಳಿಯುವುದಿಲ್ಲ.

ಡೆಸ್ಕ್ ಸರಿಯಾಯಿತು, ಭುಜದ ನೋವೂ ಇಳಿಯಿತು. ಆದರೂ ಅವರು ಮಧ್ಯಾಹ್ನದ ಹೊತ್ತಿಗೆ ಸೋತುಹೋಗುತ್ತಿದ್ದರು. ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತಿತ್ತು. ಕೇಳಿದಾಗ, "ಆಫೀಸಲ್ಲಿ ನೀರೇ ಕುಡಿಯಲ್ಲ ಮೇಡಂ" ಅಂದರು.

ಬೇರು ಇದ್ದಿದ್ದು ಬೆಳಗಿನ ಹೊತ್ತಿನಲ್ಲಿ. ಬೆನ್ನುಹುರಿಗೆ ಹೀಗೆ ಪೆಟ್ಟಾದರೆ ಮೋಷನ್ ಮೇಲೆ ಹಿಡಿತ ಇರುವುದಿಲ್ಲ. ಏನಾದರೂ ತಿಂದು ಅರ್ಧ ಗಂಟೆ ಕಾದು, ಔಷಧಿ ಮತ್ತು ಬೆರಳಿನ ಪ್ರಚೋದನೆಯಿಂದ ಮಾಡಿಸಿಕೊಳ್ಳಬೇಕು. ಇವರಿಗೆ ಅದಕ್ಕೇ ಒಂದು ಗಂಟೆ ಮೀರುತ್ತಿತ್ತು. ಒಂಬತ್ತಕ್ಕೆ ಆಫೀಸು. ಅವಸರದಲ್ಲಿ ಅರ್ಧಕ್ಕೆ ಬಿಟ್ಟು ಹೊರಟರೆ ಸೀಟಿನಲ್ಲೇ ಎಲ್ಲಿ ಆಗಿಬಿಡುತ್ತದೋ ಎಂಬ ಭಯ. ಮೂತ್ರಕ್ಕೆ ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್ ಹಾಕಬೇಕು, ಆದರೆ ಮೀಟಿಂಗ್‌ಗಳು ಅದೇ ಹೊತ್ತಿಗೆ. ಅದನ್ನು ತಪ್ಪಿಸಿಕೊಳ್ಳಲು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಸೋಂಕು ಬಂದಿದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಆಫೀಸಿಗೆ ನಾನು ಬರೆದುಕೊಟ್ಟಿದ್ದು ಇಷ್ಟೇ: ಕೆಲಸ ಹತ್ತೂವರೆಗೆ ಶುರು, ವಾರಕ್ಕೆ ಎರಡು ದಿನ ಮನೆಯಿಂದ, ಮಧ್ಯಾಹ್ನ ಒಂದರಿಂದ ಎರಡರವರೆಗೆ ಮೀಟಿಂಗ್ ಇಲ್ಲ, ಅದೇ ಮಹಡಿಯ ದೊಡ್ಡ ಶೌಚಾಲಯದಲ್ಲಿ ಕೈಗೆಟಕುವ ಒಂದು ಶೆಲ್ಫ್. ಕಾರಣದ ಜಾಗದಲ್ಲಿ "ವೈದ್ಯಕೀಯ ದಿನಚರಿ" ಅಂತಷ್ಟೇ ಇತ್ತು. ಮ್ಯಾನೇಜರ್‌ಗೆ ಬೇಕಾಗಿದ್ದು ವೇಳೆ, ವಿವರವಲ್ಲ. ಹೊರಗಿನ ಆಡಿಟ್ ಕೆಲಸಗಳಲ್ಲಿ ಈ ವೇಳಾಪಟ್ಟಿ ನಿಲ್ಲಲಿಲ್ಲ, ಅವನ್ನು ಬೇರೆಯವರಿಗೆ ಹಂಚಬೇಕಾಯಿತು.

ಅವರ ಒಪ್ಪಿಗೆ ಪಡೆದು ಎರಡು ವಿಷಯಗಳನ್ನು ಮಾತ್ರ ಪಕ್ಕದಲ್ಲಿ ಕೂರುವವರಿಗೆ ಬಿಡಿಸಿ ಹೇಳಿದೆ. ಅರ್ಧ ಗಂಟೆಗೊಮ್ಮೆ ಅವರು ಎರಡು ನಿಮಿಷ ಮುಂದಕ್ಕೆ ಬಾಗಿ ತೊಡೆಯ ಮೇಲೆ ಎದೆ ಊರುತ್ತಾರೆ. ಅದು ನಿದ್ದೆಯಲ್ಲ. ಕುಳಿತ ಜಾಗದ ಚರ್ಮಕ್ಕೆ ರಕ್ತ ಹರಿಯಲಿ, ಹುಣ್ಣಾಗದಿರಲಿ ಅಂತ. ಎರಡನೆಯದು ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ತುಂಬಿದರೂ ಬಿಪಿ ಒಮ್ಮೆಲೇ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಮಲಗಿಸಬಾರದು, ನೇರ ಕೂರಿಸಬೇಕು. ಬಿಗಿ ಬಟ್ಟೆ, ಬೆಲ್ಟು ಸಡಿಲಿಸಿ, ಕ್ಯಾತಿಟರ್ ಹಾಕಿಕೊಳ್ಳಲು ಬಿಡಬೇಕು. ಬೇಗ ಇಳಿಯದಿದ್ದರೆ ಆಂಬುಲೆನ್ಸ್. ಇವರ ಮಾಮೂಲಿ ಬಿಪಿಯಲ್ಲಿ ಮೇಲಿನ ಅಂಕಿ 100ರ ಆಸುಪಾಸು. ಬೇರೆಯವರಲ್ಲಿ ಅಷ್ಟೇನೂ ಗಾಬರಿ ಹುಟ್ಟಿಸದ 140 ಇವರಿಗೆ ಅಪಾಯ. ಹಾಗಾಗಿ ಆ ಮಾಮೂಲಿ ಅಂಕಿಯನ್ನು ಒಂದು ಕಾರ್ಡಿನಲ್ಲಿ ಬರೆದು ಡೆಸ್ಕಿನಲ್ಲೇ ಇಡಿಸಿದ್ದೇನೆ.

ಕೆಲವು ತಿಂಗಳ ನಂತರ ಅವರು ಗಾಳಿ ತುಂಬುವ ಕುಶನ್‌ಗೆ ಬದಲಾದರು. ತೊಡೆಯೂ ಮೊಣಕೈಯೂ ಎರಡು ಸೆಂ.ಮೀ. ಮೇಲೆ ಬಂದವು. ಟೇಪ್ ಹಿಡಿದು ಮತ್ತೆ ಹೋಗಿ ಡೆಸ್ಕನ್ನು 75ಕ್ಕೆ ಏರಿಸಿ, ಕೆಳಗಿನ ಲಾಕನ್ನೂ ಅಷ್ಟೇ ಮೇಲಕ್ಕೆ ಹಾಕಿಸಿದೆ.