ಕೊಳೆ ಔಷಧಿ ದಿನ ಮರೆಯದಿರಲು ಗೋಡೆ ಕ್ಯಾಲೆಂಡರ್

ಶಿರಸಿ ಕಡೆಯ ಅಡಿಕೆ ತೋಟದವರಿಗೆ ಒಂದು ಸಲಹೆ. ಮಳೆಗಾಲದಲ್ಲಿ ಕರೆಂಟು ಹೋಗಿ ಫೋನು ಸತ್ತರೆ ಅದರ ರಿಮೈಂಡರೂ ಸತ್ತಂತೆ. ನಾನು ಗೋಡೆ ಕ್ಯಾಲೆಂಡರನ್ನೇ ನಂಬುತ್ತೇನೆ.

ಆದರೆ ಅದರಲ್ಲೊಂದು ತೊಡಕಿದೆ. ಮುಂದಿನ ತಿಂಗಳ ಕೆಲಸ ಈ ತಿಂಗಳ ಹಾಳೆಯ ಹಿಂದೆ ಅಡಗಿರುತ್ತದೆ. ಜೂನ್ 5ಕ್ಕೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಿದರೆ 40 ದಿನಕ್ಕೆ, ಅಂದರೆ ಜುಲೈ 15ಕ್ಕೆ, ಎರಡನೇ ಸಲ ಆಗಬೇಕು. ಹಾಗಾಗಿ ಹೊಡೆಸಿದ ಸಂಜೆಯೇ ಜುಲೈ ಹಾಳೆ ಎತ್ತಿ 15ರ ಮನೆಯಲ್ಲಿ ‘ಔಷಧಿ’ ಎಂದು ಬರೆಯಿರಿ. 8ರಲ್ಲಿ ‘ಕೊನೆಗೌಡನಿಗೆ ಹೇಳು, ಮೈಲುತುತ್ತ, ಸುಣ್ಣ ತಾ’ ಎಂದೂ ಇರಲಿ. ನಿಜವಾಗಿ ಕೆಲಸ ಮಾಡಿಸುವುದು ಈ 8ರ ಬರಹವೇ. ಜೂನ್ ಹಾಳೆಯ ಕೊನೆಗೆ ‘ಜುಲೈ 8 ನೋಡು’ ಎಂದು ಸೇರಿಸಿ.

15ಕ್ಕೆ ಹೊಳವು ಸಿಗದಿದ್ದರೆ ಅಳಿಸಬೇಡಿ. ಅಲ್ಲಿ ಬಾಣದ ಗುರುತು ಹಾಕಿ, ಹೊಸ ದಿನದಲ್ಲಿ ಮತ್ತೆ ಬರೆಯಿರಿ. ಮುಗಿದ ಮೇಲೆ ಕತ್ತರಿ ಗುರುತು. ಬುಲೆಟ್ ಜರ್ನಲ್ ಎಂಬ ಕೆಲಸದ ಪಟ್ಟಿಯ ಪುಸ್ತಕ ಇಡುವವರ ಪದ್ಧತಿಯೂ ಇದೇ. ಬಾಣಗಳನ್ನು ಎಣಿಸಿದರೆ ಕೆಲಸ ಎಷ್ಟು ಸಲ ಮುಂದೆ ಹೋಯಿತೆಂದು ತಿಳಿಯುತ್ತದೆ.

ಜೆಲ್ ಪೆನ್ ಬೇಡ, ಥಂಡಿಗೆ ಶಾಯಿ ಹರಡುತ್ತದೆ. ಪೆನ್ಸಿಲ್ ಸಾಕು. ಕ್ಯಾಲೆಂಡರನ್ನು ನೀರಿಳಿಯುವ ಗೋಡೆಗೆ ಹಾಕದೆ ಒಲೆಮನೆ ಬಾಗಿಲ ಪಕ್ಕ ತೂಗಿಸಿ.